ಸಾಲಿಮ್ ಬಂದರೆ, ಬಂದಾಗ, ಬಂದಿದ್ದರೆ

ಅರಬ್ಬಿಯ ಮೂರು ಸಣ್ಣ ವಾಕ್ಯಗಳನ್ನು ಒಂದರ ಕೆಳಗೆ ಒಂದು ಇಟ್ಟು ನೋಡೋಣ.

ಇನ್ ಜಾಅ ಸಾಲಿಮ್ ದಫಅ.
ಇದಾ ಜಾಅ ಸಾಲಿಮ್ ದಫಅ.
ಲೌ ಜಾಅ ಸಾಲಿಮ್ ಲದಫಅ.

‘ಜಾಅ’ ಎಂದರೆ ಬಂದ. ‘ದಫಅ’ ಎಂದರೆ ಹಣ ಕೊಟ್ಟ. ಸಾಲಿಮ್ ಒಬ್ಬ ಸಾಲಗಾರ ಎಂದುಕೊಳ್ಳಿ. ಮೂರು ವಾಕ್ಯಗಳಲ್ಲೂ ಅದೇ ಸಾಲಿಮ್, ಅದೇ ಎರಡು ಕ್ರಿಯಾಪದ, ಅದೇ ಭೂತಕಾಲದ ರೂಪ. ಬದಲಾಗಿರುವುದು ಮೊದಲ ಪದ ಮಾತ್ರ. ಮೂರನೆಯದರಲ್ಲಿ ಕ್ರಿಯಾಪದದ ಮುಂದೆ ‘ಲ’ ಎಂಬ ಒಂದು ಅಕ್ಷರ ಅಂಟಿಕೊಂಡಿದೆ. ಇಷ್ಟರಿಂದಲೇ ಸಾಲ ಕೊಟ್ಟವನ ಪರಿಸ್ಥಿತಿ ಪೂರ್ತಿ ಬೇರೆಯಾಗುತ್ತದೆ. ಮೊದಲನೆಯದರಲ್ಲಿ ಸಾಲಿಮ್ ಬಂದಾನೋ ಬಾರನೋ ಗೊತ್ತಿಲ್ಲ. ಎರಡನೆಯದರಲ್ಲಿ ಅವನು ಬರುತ್ತಾನೆಂಬ ನಿರೀಕ್ಷೆಯಿದೆ. ಮೂರನೆಯದರಲ್ಲಿ ಅವನು ಬರಲೇ ಇಲ್ಲ, ಅಥವಾ ಬರುವ ಸಂಭವವಿಲ್ಲ. ಹಣದ ಆಸೆಯನ್ನೂ ಬಿಡಬೇಕು.

ಇವನ್ನೇ ಇಂಗ್ಲಿಷಿಗೆ ತಂದರೆ ಹೀಗಾಗುತ್ತದೆ. ಮೊದಲನೆಯದು ‘ಇಫ್ ಸಾಲಿಮ್ ಕಮ್ಸ್, ಹಿ ವಿಲ್ ಪೇ.’ ಎರಡನೆಯದು ‘ವೆನ್ ಸಾಲಿಮ್ ಕಮ್ಸ್, ಹಿ ವಿಲ್ ಪೇ’, ಕೆಲವೊಮ್ಮೆ ‘ಇಫ್’ ಕೂಡ. ಮೂರನೆಯದಕ್ಕೆ ಎರಡು ದಾರಿಗಳಿವೆ: ‘ಇಫ್ ಸಾಲಿಮ್ ಕೇಮ್, ಹಿ ವುಡ್ ಪೇ’ ಎನ್ನಬಹುದು, ‘ಇಫ್ ಸಾಲಿಮ್ ಹ್ಯಾಡ್ ಕಮ್, ಹಿ ವುಡ್ ಹ್ಯಾವ್ ಪೇಯ್ಡ್’ ಎಂದೂ ಅನ್ನಬಹುದು. ಇಲ್ಲಿ ‘ಇಫ್’ ಎಂಬ ಪದ ಒಂದೇ. ‘ಕಮ್ಸ್’, ‘ಕೇಮ್’, ‘ಹ್ಯಾಡ್ ಕಮ್’ ಎಂದು ಬದಲಾದದ್ದು ಕ್ರಿಯಾಪದ.

ಈ ಅಧ್ಯಾಯದ ವಿಷಯ ಇದೇ. ಒಂದು ಸಂಗತಿ ಎಷ್ಟರ ಮಟ್ಟಿಗೆ ಸಂಭವನೀಯ ಎಂಬುದನ್ನು ಅರಬ್ಬಿ ವಾಕ್ಯದ ಮೊದಲ ಪದದಲ್ಲೇ ಹೇಳಿಬಿಡುತ್ತದೆ, ಇಂಗ್ಲಿಷ್ ಅದನ್ನು ಕ್ರಿಯಾಪದದ ರೂಪದಲ್ಲಿ ಹೇಳುತ್ತದೆ. ಆದ್ದರಿಂದ ಅನುವಾದಕ ಅವ್ಯಯಕ್ಕೆ ಅವ್ಯಯ, ಕ್ರಿಯಾಪದಕ್ಕೆ ಕ್ರಿಯಾಪದ ಎಂದು ಜೋಡಿಸುತ್ತ ಹೋದರೆ ಮೂರೂ ವಾಕ್ಯಗಳು ಒಂದೇ ಆಗಿ, ಸಾಲಿಮನ ಕಥೆ ಕೆಡುತ್ತದೆ.

ಷರತ್ತು ಮತ್ತು ಜವಾಬು

ಅರಬ್ಬಿ ವ್ಯಾಕರಣದಲ್ಲಿ ಇಂಥ ವಾಕ್ಯದ ಮೊದಲ ಭಾಗಕ್ಕೆ ‘ಶರ್ತ್’ ಎಂದೂ ಎರಡನೆಯ ಭಾಗಕ್ಕೆ ‘ಜವಾಬ್’ ಎಂದೂ ಹೆಸರು. ಕನ್ನಡದ ಷರತ್ತು, ಜವಾಬು ಎಂಬ ಪದಗಳು ಪಾರಸಿ, ಉರ್ದುಗಳ ಮೂಲಕ ನಮಗೆ ಬಂದ ಇವೇ ಅರಬ್ಬಿ ಪದಗಳು. ಹಾಗಾಗಿ ಈ ಅಧ್ಯಾಯಕ್ಕೆ ಹೊಸ ಪಾರಿಭಾಷಿಕ ಪದ ಬೇಕಿಲ್ಲ. ‘ಸಾಲಿಮ್ ಬಂದರೆ’ ಎಂಬುದು ಷರತ್ತು, ‘ಹಣ ಕೊಡುತ್ತಾನೆ’ ಎಂಬುದು ಅದರ ಜವಾಬು.

ಅರಬ್ಬಿ ಕಲಿಯುವವರು ಮೊದಲು ಎಡವುವುದು ಕ್ರಿಯಾಪದದ ಕಾಲದಲ್ಲಿ. ‘ಜಾಅ’ ಭೂತಕಾಲದ ರೂಪ ಎಂದು ಕಲಿತಿರುತ್ತಾರೆ. ‘ಇನ್ ಜಾಅ ಸಾಲಿಮ್ ದಫಅ’ ಎಂಬುದನ್ನು ಕಂಡ ಕೂಡಲೇ ‘ಇಫ್ ಸಾಲಿಮ್ ಕೇಮ್, ಹಿ ಪೇಯ್ಡ್’ ಎಂದು ಬರೆಯುತ್ತಾರೆ. ಅಂದರೆ ‘ಸಾಲಿಮ್ ಬಂದಿದ್ದನಾದರೆ ಹಣ ಕೊಟ್ಟಿದ್ದಾನೆ’ ಎಂಬಂಥ ಅರ್ಥ. ಅರಬ್ಬಿ ಹೇಳುತ್ತಿರುವುದು ಮುಂದಿನ ಮಾತು. ಷರತ್ತಿನ ಅವ್ಯಯ ಮುಂದೆ ಬಂದ ಮೇಲೆ ಆ ಭೂತರೂಪಕ್ಕೆ ಕಳೆದುಹೋದ ಕಾಲದ ಅರ್ಥ ಉಳಿಯುವುದಿಲ್ಲ. ಕ್ರಿಯೆ ಒಂದು ಇಡಿಯಾಗಿ ಮುಗಿದಂತೆ ಕಲ್ಪಿಸಿಕೊಂಡು, ಅದು ಮುಗಿದ ಮೇಲೆ ಏನು ಎಂದು ಕೇಳುವ ಕ್ರಮ ಇದು.

ಕನ್ನಡಿಗರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ‘ನಾಳೆ ಬಂದರೆ ಕೊಡುತ್ತೇನೆ’ ಎನ್ನುವಾಗ ನಾವು ಬಳಸುವ ‘ಬಂದರೆ’ ನಿಂತಿರುವುದು ‘ಬಂದ’ ಎಂಬ ಭೂತರೂಪದ ಮೇಲೆಯೇ. ‘ಬರು’ ಎಂಬುದಕ್ಕೆ ನೇರವಾಗಿ ‘ರೆ’ ಸೇರಿಸುವುದಿಲ್ಲ. ನಾಳೆಯ ಮಾತನ್ನು ನಿನ್ನೆಯ ರೂಪದಲ್ಲಿ ಆಡುವುದು ನಮಗೆ ದಿನನಿತ್ಯದ ರೂಢಿ.

ಅರಬ್ಬಿಯಲ್ಲಿ ‘ಇನ್’ ಆದ ಮೇಲೆ ಇನ್ನೊಂದು ರೂಪವನ್ನೂ ಬಳಸಬಹುದು. ‘ಇನ್ ಯಅತಿ ಸಾಲಿಮ್ ಯದ್ಫಅ್’ ಎಂದರೂ ಅದೇ ಅರ್ಥ; ‘ಯಅತಿ’ ಎಂಬುದು ‘ಬರು’ ಎಂಬರ್ಥದ ಇನ್ನೊಂದು ಕ್ರಿಯಾಪದದ ರೂಪ. ಇಲ್ಲಿನ ಕ್ರಿಯಾಪದಗಳು ಭೂತರೂಪದಲ್ಲಿಲ್ಲ. ಇವು ಕೊನೆಯ ಸ್ವರವನ್ನು ಕಳೆದುಕೊಂಡು ಮೊಟಕಾದ ರೂಪಗಳು; ವೈಯಾಕರಣರು ಇದನ್ನು ‘ಜಜ್ಮ್’ ಎನ್ನುತ್ತಾರೆ, ಅಂದರೆ ಕತ್ತರಿಸುವುದು. ಭೂತರೂಪಕ್ಕೂ ಮೊಟಕು ರೂಪಕ್ಕೂ ಶೈಲಿಯ ವ್ಯತ್ಯಾಸ ಇರಬಹುದು, ಆದರೆ ಸಾಲಿಮ್ ಬರುವ ಸಂಭವ ಎರಡರಲ್ಲೂ ಒಂದೇ. ಇಂಗ್ಲಿಷ್ ಕಿವಿಯಿರುವವರು ಕ್ರಿಯಾಪದ ಬದಲಾದಾಗಲೆಲ್ಲ ಸಂಭವವೂ ಬದಲಾಯಿತೆಂದು ಊಹಿಸುತ್ತಾರೆ. ಅರಬ್ಬಿಯಲ್ಲಿ ಆ ಊಹೆ ಕೈಕೊಡುತ್ತದೆ. ಕಣ್ಣಿಡಬೇಕಾದದ್ದು ಮೊದಲ ಪದದ ಮೇಲೆ.

ಹಾಗಾದರೆ ಸಾಲಿಮ್ ಈಗಾಗಲೇ ಬಂದಿರಬಹುದು, ನಮಗೆ ಸುದ್ದಿ ತಿಳಿದಿಲ್ಲ ಎಂಬ ಸಂದರ್ಭವನ್ನು ಅರಬ್ಬಿ ಹೇಗೆ ಹೇಳುತ್ತದೆ? ಅದಕ್ಕೆ ‘ಇರು’ ಎಂಬರ್ಥದ ‘ಕಾನ’ ಎಂಬ ಕ್ರಿಯಾಪದವನ್ನೂ, ಕ್ರಿಯೆ ಮುಗಿದಿದೆ ಎಂದು ಒತ್ತಿಹೇಳುವ ‘ಕದ್’ ಎಂಬ ಅವ್ಯಯವನ್ನೂ ಸೇರಿಸುತ್ತದೆ: ‘ಇನ್ ಕಾನ ಸಾಲಿಮ್ ಕದ್ ಜಾಅ’, ಅಂದರೆ ‘ಸಾಲಿಮ್ ಬಂದಿದ್ದರೆ’. ಇಂಗ್ಲಿಷಿನಲ್ಲಿ ‘ಇಫ್ ಸಾಲಿಮ್ ಹ್ಯಾಸ್ ಕಮ್’. ಕನ್ನಡವೂ ಇಲ್ಲಿ ‘ಇರು’ ಧಾತುವನ್ನೇ ಕರೆತರುತ್ತದೆ. ನಿಜವಾದ ಭೂತಕಾಲ ಬೇಕಾದಾಗ ಅರಬ್ಬಿ ಹೀಗೆ ಗುರುತು ಹಾಕಿಕೊಡುತ್ತದೆ. ಗುರುತಿಲ್ಲದ ಕಡೆ ಮುಂದಿನ ಕಾಲವೆಂದೇ ಓದುವುದು ಸುರಕ್ಷಿತ.

ಕೆಂಪಾಗುವ ಖರ್ಜೂರ

‘ಇನ್’ ಮತ್ತು ‘ಇದಾ’ ನಡುವಿನ ವ್ಯತ್ಯಾಸವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ 8ನೇ ಶತಮಾನದ್ದು. ಅರಬ್ಬಿಯ ಆದಿ ವೈಯಾಕರಣರಲ್ಲಿ ಒಬ್ಬನಾದ ಸೀಬವೈಹಿ ಮೂಲತಃ ಪಾರಸಿಯವನು, ಕಲಿತದ್ದು ಇಂದಿನ ಇರಾಕಿನ ಬಸ್ರಾದಲ್ಲಿ. ಅವನ ಗುರು ಅಲ್ ಖಲೀಲ್. ಸೀಬವೈಹಿಯ ವ್ಯಾಕರಣ ಗ್ರಂಥ ‘ಅಲ್ ಕಿತಾಬ್’ ಎಂಬ ಹೆಸರಿನಿಂದ ಪ್ರಸಿದ್ಧ. ಅದರಲ್ಲಿ ಒಂದು ಕಡೆ ಅವನು ಗುರುವಿಗೆ ಕೇಳಿದ ಪ್ರಶ್ನೆಯೂ ಉತ್ತರವೂ ದಾಖಲಾಗಿವೆ. ಪ್ರಶ್ನೆ ಇಷ್ಟೇ: ‘ಇನ್’ ಬಂದಾಗ ಕ್ರಿಯಾಪದವನ್ನು ಮೊಟಕು ಮಾಡುತ್ತೇವೆ, ‘ಇದಾ’ ಬಂದಾಗ ಮಾತ್ರ ಜನ ಹಾಗೆ ಮಾಡುವುದಿಲ್ಲವಲ್ಲ, ಯಾಕೆ?

ಉತ್ತರದ ತಿರುಳು ಇದು. ‘ಇದಾ’ ಎಂಬುದು ಗೊತ್ತಿರುವ ಒಂದು ಹೊತ್ತನ್ನು ತೋರಿಸುತ್ತದೆ. ‘ಇನ್’ ಯಾವಾಗಲೂ ಮಸುಕು. ಖರ್ಜೂರದ ಕಾಯಿ ಕೆಂಪಾಗುವ ಹೊತ್ತಿಗೆ ನಿನ್ನಲ್ಲಿಗೆ ಬರುತ್ತೇನೆ ಎನ್ನಲು ‘ಇದಾ’ ಬಳಸಿದರೆ ಮಾತು ಚೆನ್ನಾಗಿರುತ್ತದೆ. ಅದೇ ಕಡೆ ‘ಇನ್’ ಬಳಸಿದರೆ ಮಾತು ಕೆಡುತ್ತದೆ.

ಯಾಕೆ ಕೆಡುತ್ತದೆ ಎಂದು ತಿಳಿಯಲು ಖರ್ಜೂರದ ತೋಟವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಸಿರು ಕಾಯಿ ಪೂರ್ತಿ ಗಾತ್ರಕ್ಕೆ ಬೆಳೆದ ಮೇಲೆ, ಗಟ್ಟಿಯಾಗಿರುವಾಗಲೇ, ತಳಿಗೆ ತಕ್ಕಂತೆ ಹಳದಿಗೋ ಕೆಂಪಿಗೋ ತಿರುಗುತ್ತದೆ. ಈ ಹಂತದ ಹಣ್ಣಿಗೆ ಅರಬ್ಬಿಯಲ್ಲಿ ‘ಬುಸ್ರ್’ ಎನ್ನುತ್ತಾರೆ. ಅದು ಮೆತ್ತಗಾದರೆ ‘ರುತಬ್’, ಒಣಗಿ ಕೂಡಿಡುವ ಹದಕ್ಕೆ ಬಂದರೆ ‘ತಮ್ರ್’. ಬಸ್ರಾದ ಸುತ್ತಮುತ್ತ ಬದುಕುವವರಿಗೆ ಬುಸ್ರ್ ಕೆಂಪಾಗುವುದು ಪ್ರತಿ ವರ್ಷವೂ ನಡೆಯುವ ಸಂಗತಿ. ಯಾವ ದಿನ ಎಂದು ಹೇಳಲಾಗದಿರಬಹುದು, ಆದರೆ ಆಗಿಯೇ ಆಗುತ್ತದೆ. ‘ಇನ್’ ಬಳಸಿದರೆ ಈ ವರ್ಷ ಅದು ಕೆಂಪಾಗದೆಯೂ ಹೋಗಬಹುದು ಎಂದು ಸೂಚಿಸಿದಂತಾಗುತ್ತದೆ. ವ್ಯಾಕರಣದ ನಿಯಮಕ್ಕೆ ಅದರಿಂದ ಭಂಗವಿಲ್ಲ, ಲೋಕದ ತಿಳಿವಳಿಕೆಗೆ ಭಂಗವಿದೆ. ಒಂದು ಅವ್ಯಯದ ಅರ್ಥವನ್ನು ನಿಷ್ಕರ್ಷೆ ಮಾಡಲು ಜಗತ್ತಿನಲ್ಲಿ ಏನು ಖಂಡಿತ, ಏನು ಅನುಮಾನ ಎಂಬುದನ್ನೇ ಅಳತೆಗೋಲಾಗಿ ಬಳಸಿದ ಈ ಕ್ರಮ ಇಂದಿನ ಭಾಷಾವಿಜ್ಞಾನಿಗಳಿಗೂ ಒಪ್ಪುವಂಥದ್ದು.

ಮೊಟಕು ರೂಪದ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ಷರತ್ತಿನ ವಾಕ್ಯಗಳಲ್ಲಿ ಆ ರೂಪ ಅನಿಶ್ಚಿತ ಷರತ್ತಿಗೆ ಮೀಸಲು. ‘ಇದಾ’ದ ಹೊತ್ತು ಗೊತ್ತಿರುವಂಥದ್ದಾದ್ದರಿಂದ ಅಲ್ಲಿ ಅದಕ್ಕೆ ಜಾಗವಿಲ್ಲ.

ಈಗ ಇಂಗ್ಲಿಷಿಗೆ ಬರೋಣ. ಖರ್ಜೂರ ಕೆಂಪಾಗುವ ವಾಕ್ಯಕ್ಕೆ ‘ವೆನ್’ ಸರಿಹೊಂದುತ್ತದೆ. ಸೂರ್ಯ ಹುಟ್ಟುವುದು, ತಿಂಗಳು ಮುಗಿಯುವುದು, ಋತು ಬದಲಾಗುವುದು, ಇವೆಲ್ಲಕ್ಕೂ ‘ವೆನ್’. ಪದೇ ಪದೇ ನಡೆಯುವ ಸಂಗತಿಯಾದರೆ ‘ವೆನೆವರ್’. ತೊಡಕು ಹುಟ್ಟುವುದು ಸಾಲಿಮನಂಥ ಮನುಷ್ಯರ ವಿಷಯದಲ್ಲಿ. ಅವನು ಬರುತ್ತಾನೆ ಎಂಬ ನಂಬಿಕೆಯಿಂದ ಅರಬ್ಬಿಯವನು ‘ಇದಾ’ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ‘ವೆನ್ ಸಾಲಿಮ್ ಕಮ್ಸ್’ ಎಂದರೆ ಬರುವುದು ಖಚಿತ ಎಂಬಂತಾಗುತ್ತದೆ. ‘ಇಫ್ ಸಾಲಿಮ್ ಕಮ್ಸ್’ ಎಂದರೆ ನಂಬಿಕೆಯ ಅಂಶವೇ ಬಿಟ್ಟುಹೋಗುತ್ತದೆ. ಎರಡರ ನಡುವೆ ನಿಲ್ಲುವ ಪದ ಇಂಗ್ಲಿಷಿನಲ್ಲಿಲ್ಲ.

ಕನ್ನಡದಲ್ಲಿದೆ. ‘ಬೆಳಗಾದರೆ ಹಾಲಿನವನು ಬರುತ್ತಾನೆ’ ಎಂದು ನಾವು ಹೇಳುತ್ತೇವೆ. ಬೆಳಗಾಗುವುದರಲ್ಲಿ ಯಾರಿಗೂ ಅನುಮಾನವಿಲ್ಲ, ಆದರೂ ‘ರೆ’ ಬಂದಿದೆ. ‘ಮಳೆಗಾಲ ಬಂದರೆ ಈ ದಾರಿ ಕೆಸರಾಗುತ್ತದೆ’ ಎಂಬಲ್ಲಿಯೂ ಹಾಗೆಯೇ. ನಮ್ಮ ‘ರೆ’ ಅನುಮಾನವಿರುವ ಕಡೆಯೂ ಅನುಮಾನವಿಲ್ಲದ ಕಡೆಯೂ ಸಲ್ಲುತ್ತದೆ. ನಿಜವಾದ ಸಂಶಯವನ್ನು ಬೇರೆಯಾಗಿ ತೋರಿಸಬೇಕಾದಾಗ ‘ಒಂದು ವೇಳೆ’ ಸೇರಿಸುತ್ತೇವೆ. ‘ಒಂದು ವೇಳೆ ಬೆಳಗಾದರೆ’ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಬಸ್ರಾದ ಗುರು ‘ಇನ್’ ಬಗ್ಗೆ ಎತ್ತಿದ ತಕರಾರು ಕನ್ನಡಿಗರ ಬಾಯಲ್ಲೂ ಜೀವಂತವಾಗಿದೆ.

ನಮ್ಮಲ್ಲಿ ಬಹಳಷ್ಟು ಜನ ಕೇಳಿರುವ ‘ಇನ್ಶಾ ಅಲ್ಲಾಹ್’ ಎಂಬ ಮಾತಿನ ಮೊದಲಲ್ಲಿರುವುದು ಇದೇ ‘ಇನ್’. ‘ಇನ್ ಶಾಅ ಅಲ್ಲಾಹ್’, ಅಂದರೆ ದೇವರು ಇಚ್ಛಿಸಿದರೆ. ‘ಶಾಅ’ ಭೂತರೂಪವಾದರೂ ಮಾತು ಮುಂದಿನದು. ದೇವರ ಇಚ್ಛೆ ಏನೆಂದು ಆಡುವವನಿಗೆ ಗೊತ್ತಿಲ್ಲ. ಹಾಗಾಗಿ ಮಸುಕಿನ ಅವ್ಯಯವೇ ಇಲ್ಲಿ ಸರಿ.

ಕಾಲ ಬದಲಾದಂತೆ ‘ಇದಾ’

ಮೇಲಿನ ವ್ಯತ್ಯಾಸ ಹಳೆಯ ಅರಬ್ಬಿಯದು. ಇಂದಿನ ಪತ್ರಿಕೆ, ಕರಾರುಪತ್ರ, ಕಾನೂನುಗಳ ಅರಬ್ಬಿಯಲ್ಲಿ ಪರಿಸ್ಥಿತಿ ಬದಲಾಗಿದೆ. ಅಲ್ಲಿ ‘ಇದಾ’ ಸಾಧಾರಣ ‘ಇಫ್’ ಆಗಿಬಿಟ್ಟಿದೆ. ನಿಶ್ಚಿತವಾದ ಹೊತ್ತನ್ನು ಹೇಳಲು ‘ಇಂದಮಾ’ ಎಂಬ ಬೇರೆ ಪದ ಹೆಚ್ಚು ಬಳಕೆಯಲ್ಲಿದೆ. ‘ಇನ್’ ಅಪರೂಪವಾಗಿ, ಗಂಭೀರ ಶೈಲಿಯಲ್ಲೂ ‘ಇನ್ಶಾ ಅಲ್ಲಾಹ್’ದಂಥ ನುಡಿಗಟ್ಟುಗಳಲ್ಲೂ ಉಳಿದುಕೊಂಡಿದೆ. ‘ಹೊತ್ತು’ ಹೇಳುವ ಕೆಲಸವನ್ನು ಇನ್ನೊಂದು ಪದ ವಹಿಸಿಕೊಂಡ ಮೇಲೆ ‘ಇದಾ’ಕ್ಕೆ ಷರತ್ತಿನ ಕೆಲಸವೇ ಮುಖ್ಯವಾಗಿ ಉಳಿಯಿತು.

ಅನುವಾದಕನಿಗೆ ಇದರ ಪರಿಣಾಮ ನೇರವಾದದ್ದು. ಹಳೆಯ ಗ್ರಂಥದ ‘ಇದಾ’ ಕಂಡರೆ ಮೊದಲು ‘ವೆನ್’ ಹೊಂದುತ್ತದೆಯೇ ಎಂದು ನೋಡಬೇಕು. ಇಂದಿನ ಬಾಡಿಗೆ ಕರಾರಿನಲ್ಲಿ ‘ಬಾಡಿಗೆದಾರ ಹಣ ಕಟ್ಟುವುದು ತಡವಾದರೆ’ ಎಂಬ ‘ಇದಾ’ ಕಂಡರೆ ‘ಇಫ್’ ಎಂದೇ ಬರೆಯಬೇಕು. ಅಲ್ಲಿ ‘ವೆನ್’ ಬರೆದರೆ ಬಾಡಿಗೆದಾರ ತಡಮಾಡಿಯೇ ಮಾಡುತ್ತಾನೆಂದು ಕರಾರೇ ಹೇಳಿದಂತಾಗುತ್ತದೆ. ಅಂದರೆ ಬರಹ ಯಾವ ಕಾಲದ್ದು, ಯಾವ ಬಗೆಯದು ಎಂಬುದು ಗೊತ್ತಿಲ್ಲದೆ ‘ಇದಾ’ವನ್ನು ಅನುವಾದ ಮಾಡಲಾಗದು.

‘ಲೌ’ ಮುಚ್ಚುವ ಬಾಗಿಲು

‘ಲೌ’ ಬಂತೆಂದರೆ ವಾಕ್ಯ ನಡೆಯದ ಸಂಗತಿಯ ಕಡೆ ಹೊರಳುತ್ತದೆ. ವೈಯಾಕರಣರು ಇದನ್ನು ವಿವರಿಸುವುದು ‘ಇಮ್ತಿನಾ’ ಎಂಬ ಪದದಿಂದ, ಅಂದರೆ ತಡೆಯಾಗುವುದು. ಷರತ್ತಿಗೆ ತಡೆಯಾದ್ದರಿಂದ ಜವಾಬಿಗೂ ತಡೆಯಾಯಿತು. ಸಾಲಿಮ್ ಬರಲಿಲ್ಲ, ಹಾಗಾಗಿ ಹಣವೂ ಬರಲಿಲ್ಲ. ಜವಾಬಿನ ಮುಂದೆ ನಿಲ್ಲುವ ‘ಲ’ ಅಕ್ಷರ ಕಲ್ಪಿತ ಫಲಿತಾಂಶ ಇಲ್ಲಿಂದ ಶುರುವಾಗುತ್ತದೆ ಎಂದು ತೋರಿಸುವ ಗುರುತು. ಉದ್ದನೆಯ ವಾಕ್ಯದಲ್ಲಿ ಷರತ್ತು ಎಲ್ಲಿ ಮುಗಿಯಿತು ಎಂದು ತಿಳಿಯಲು ಓದುಗ ಆ ‘ಲ’ವನ್ನೇ ಹುಡುಕುತ್ತಾನೆ. ಅದು ಕಡ್ಡಾಯವಲ್ಲ, ಜವಾಬು ನಿಷೇಧಾರ್ಥದಲ್ಲಿದ್ದಾಗ ಹಲವು ಸಲ ಬಿಟ್ಟುಹೋಗಿರುತ್ತದೆ.

ನಡೆಯಲಿಲ್ಲ ಎಂಬುದನ್ನು ‘ಲೌ’ ಗಟ್ಟಿಯಾಗಿ ಹೇಳುತ್ತದೆ, ಯಾವಾಗ ನಡೆಯಲಿಲ್ಲ ಎಂಬುದನ್ನು ಹೇಳುವುದಿಲ್ಲ. ಇಂಗ್ಲಿಷಿಗೆ ಬೇಕಾದದ್ದು ಆ ಎರಡನೆಯದೇ. ‘ಇಫ್ ಸಾಲಿಮ್ ಕೇಮ್, ಹಿ ವುಡ್ ಪೇ’ ಎಂದರೆ ಈಗಲೋ ಮುಂದೆಯೋ ಬಂದರೆ ಕೊಟ್ಟಾನು, ಆದರೆ ಬರುವ ಸಂಭವ ಕಡಿಮೆ. ‘ಇಫ್ ಸಾಲಿಮ್ ಹ್ಯಾಡ್ ಕಮ್’ ಎಂದರೆ ಅವಕಾಶ ದಾಟಿಹೋಗಿದೆ. ಸಾಲ ಕೊಟ್ಟವನು ಮೊದಲನೆಯದನ್ನು ಓದಿದರೆ ಇನ್ನೂ ಕಾಯಬಹುದು, ಎರಡನೆಯದನ್ನು ಓದಿದವನು ಲೆಕ್ಕ ಮುಚ್ಚುತ್ತಾನೆ. ಅರಬ್ಬಿಯಲ್ಲಿ ಎರಡಕ್ಕೂ ‘ಲೌ ಜಾಅ’ ಸಾಕು.

ಆಯ್ಕೆ ಮಾಡಲು ಸುಳಿವುಗಳನ್ನು ವಾಕ್ಯದ ಉಳಿದ ಭಾಗದಲ್ಲಿ ಹುಡುಕಬೇಕು. ‘ಅಮ್ಸ್’, ಅಂದರೆ ನಿನ್ನೆ, ಎಂಬ ಪದ ಇದ್ದರೆ ‘ಹ್ಯಾಡ್ ಕಮ್’ ಎಂಬುದು ಖಚಿತ. ‘ಅಲ್ ಆನ್’, ಅಂದರೆ ಈಗ, ಎಂದಿದ್ದರೆ ‘ಕೇಮ್’. ಕಾಲವಾಚಕ ಪದವೇ ಇಲ್ಲದಿದ್ದರೆ ಹಿಂದಿನ ಮುಂದಿನ ವಾಕ್ಯಗಳನ್ನು ಓದಬೇಕು. ಇಂದಿನ ಲೇಖಕರು ಗೊಂದಲ ತಪ್ಪಿಸಲು ‘ಲೌ ಕಾನ ಸಾಲಿಮ್ ಕದ್ ಜಾಅ’ ಎಂದು ಕಳೆದ ಕಾಲವನ್ನು ಬಿಡಿಸಿ ಬರೆಯುವುದೂ ಉಂಟು. ಹಳೆಯ ಬರಹದಲ್ಲಿ ಆ ನೆರವು ಸಿಗುವುದು ಕಡಿಮೆ.

ಮಾತನ್ನು ಕೇಳುತ್ತಲೇ ಇಂಗ್ಲಿಷಿಗೆ ತರುವ ದುಭಾಷಿಗಳಿಗೆ ಇದು ಇನ್ನೂ ಕಠಿಣ. 1973ರಲ್ಲಿ ಅರಬ್ಬಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಅಧಿಕೃತ ಭಾಷೆಯಾಯಿತು. ಅಂಥ ವೇದಿಕೆಗಳಲ್ಲಿ ಭಾಷಣಕಾರ ‘ಲೌ’ ಎಂದ ಕ್ಷಣವೇ ಇದು ನಡೆಯದ ಮಾತು ಎಂದು ದುಭಾಷಿಗೆ ತಿಳಿಯುತ್ತದೆ. ಆದರೆ ‘ಇಫ್’ ಎಂದ ಕೂಡಲೇ ಇಂಗ್ಲಿಷ್ ಕ್ರಿಯಾಪದವನ್ನು ಕೇಳುತ್ತದೆ, ಆ ಕ್ರಿಯಾಪದ ಯಾವ ರೂಪದಲ್ಲಿರಬೇಕೆಂದು ತಿಳಿಸುವ ಪದ ಅರಬ್ಬಿ ವಾಕ್ಯದಲ್ಲಿ ಇನ್ನೂ ಬಂದೇ ಇರುವುದಿಲ್ಲ.

ಕನ್ನಡ ಇಲ್ಲಿ ಮೂರನೆಯ ದಾರಿ ಹಿಡಿಯುತ್ತದೆ. ‘ಸಾಲಿಮ್ ಬಂದಿದ್ದರೆ’ ಎಂಬಲ್ಲಿಗೆ ನಿಲ್ಲಿಸಿದರೆ ಅವನು ಬಂದನೋ ಇಲ್ಲವೋ ತಿಳಿಯದು. ‘ಬಂದಿದ್ದರೆ ಒಳಗೆ ಕಳಿಸು’ ಎಂದರೆ ಬಂದಿರಬಹುದು. ‘ಬಂದಿದ್ದರೆ ಕೊಡುತ್ತಿದ್ದ’ ಎಂದರೆ ಬರಲಿಲ್ಲ. ಮೊದಲನೆಯದು ಅರಬ್ಬಿಯ ‘ಇನ್ ಕಾನ’, ಎರಡನೆಯದು ‘ಲೌ’. ಅರಬ್ಬಿ ಮೊದಲ ಪದದಲ್ಲಿ ಹೇಳಿದ್ದನ್ನು ಕನ್ನಡ ಕೊನೆಯ ಪದದಲ್ಲಿ ಹೇಳುತ್ತದೆ.

ತಡೆಯ ಸೂತ್ರಕ್ಕೂ ಮಿತಿ

‘ಲೌ’ಗೆ ನಿಷೇಧದ ‘ಲಾ’ ಸೇರಿ ‘ಲೌಲಾ’ ಆಗುತ್ತದೆ. ಅದರ ಮುಂದೆ ಬರುವುದು ಸಾಮಾನ್ಯವಾಗಿ ಒಂದು ನಾಮಪದ. ‘ಲೌಲಾ ಸಾಲಿಮ್ ಲಹಲಕ್ನಾ’ ಎಂದರೆ ‘ಸಾಲಿಮ್ ಇಲ್ಲದಿದ್ದರೆ ನಾವು ಸತ್ತೇಹೋಗುತ್ತಿದ್ದೆವು’. ಇಲ್ಲಿ ಸಾಲಿಮ್ ಇದ್ದದ್ದು ನಿಜ, ನಾವು ಸಾಯಲಿಲ್ಲ ಎಂಬುದೂ ನಿಜ. ಒಂದರ ಇರುವಿಕೆಯಿಂದ ಇನ್ನೊಂದಕ್ಕೆ ತಡೆ. ಅರಬ್ಬಿಯ ಷರತ್ತಿನಲ್ಲಿ ಕ್ರಿಯಾಪದವೇ ಇಲ್ಲದ್ದರಿಂದ ಇಂಗ್ಲಿಷ್ ಅನುವಾದಕ ಒಂದನ್ನು ಒದಗಿಸಬೇಕು. ‘ವರ್ ಇಟ್ ನಾಟ್ ಫಾರ್ ಸಾಲಿಮ್’ ಎಂದರೆ ಈಗಿನ ಮಾತು, ‘ಹ್ಯಾಡ್ ಇಟ್ ನಾಟ್ ಬೀನ್ ಫಾರ್ ಸಾಲಿಮ್’ ಎಂದರೆ ಹಿಂದಿನದು. ಕಾಲದ ಗೊಡವೆ ಬೇಡವೆಂದರೆ ‘ಬಟ್ ಫಾರ್ ಸಾಲಿಮ್’ ಎಂದು ಷರತ್ತನ್ನು ದಾಟಬಹುದು, ಜವಾಬಿನಲ್ಲಿ ಮಾತ್ರ ಕಾಲವನ್ನು ಹೇಳಲೇಬೇಕು.

‘ಲೌ’ ಇದ್ದಲ್ಲೆಲ್ಲ ಜವಾಬು ನಡೆಯಲಿಲ್ಲ ಎಂದು ತೀರ್ಮಾನಿಸುವುದೂ ತಪ್ಪು. 14ನೇ ಶತಮಾನದ ಈಜಿಪ್ಟಿನ ವೈಯಾಕರಣ ಇಬ್ನ್ ಹಿಶಾಮ್ ತನ್ನ ‘ಮುಘ್ನಿ ಅಲ್ ಲಬೀಬ್’ ಗ್ರಂಥದಲ್ಲಿ ಇದನ್ನು ಚರ್ಚಿಸುತ್ತಾನೆ. ಅವನು ತೆಗೆದುಕೊಳ್ಳುವ ಹಳೆಯ ಮಾತೊಂದು ಸುಹೈಬ್ ಎಂಬ ಸಜ್ಜನನ ಕುರಿತದ್ದು. ದೇವರ ಭಯ ಇಲ್ಲದೇ ಇದ್ದರೂ ಅವನು ಪಾಪ ಮಾಡುತ್ತಿರಲಿಲ್ಲ ಎಂಬುದು ಅದರ ಭಾವ. ತಡೆಯ ಸೂತ್ರವನ್ನು ಇಲ್ಲಿ ಯಾಂತ್ರಿಕವಾಗಿ ಹಾಕಿದರೆ ‘ಅವನಿಗೆ ಭಯ ಇತ್ತು, ಆದ್ದರಿಂದ ಪಾಪ ಮಾಡಿದ’ ಎಂಬ ತಲೆಕೆಳಗಾದ ಅರ್ಥ ಬರುತ್ತದೆ. ಷರತ್ತು ಸುಳ್ಳು, ಜವಾಬು ಮಾತ್ರ ಹೇಗಿದ್ದರೂ ನಿಜ. ಕನ್ನಡದಲ್ಲಿ ‘ರೆ’ ಹೋಗಿ ‘ರೂ’ ಬರಬೇಕಾದ ಜಾಗ ಇದು, ಇಂಗ್ಲಿಷಿನಲ್ಲಿ ‘ಇಫ್’ ಹಿಂದೆ ‘ಈವನ್’ ಸೇರಬೇಕು. ಅರಬ್ಬಿ ವಾಕ್ಯದಲ್ಲಿ ಅದಕ್ಕೆ ಪ್ರತ್ಯೇಕ ಗುರುತಿಲ್ಲ. ಮಾತು ಹೊಗಳಿಕೆಯದು ಎಂದು ಗ್ರಹಿಸಿದವರಿಗೆ ಮಾತ್ರ ‘ಈವನ್’ ಹೊಳೆಯುತ್ತದೆ.

ಒಂದು ಕಾಗದ, ಎರಡು ಅನುವಾದ

ಇಷ್ಟನ್ನು ಇಟ್ಟುಕೊಂಡು ಒಂದು ಪುಟ್ಟ ಕಾಗದವನ್ನು ಅನುವಾದ ಮಾಡಿ ನೋಡೋಣ. ಸಾಲ ವಸೂಲಿಗೆ ಹೋದ ಗುಮಾಸ್ತ ಯಜಮಾನನಿಗೆ ಹಳೆಯ ಶೈಲಿಯಲ್ಲಿ ಬರೆದದ್ದೆಂದು ಕಲ್ಪಿಸಿಕೊಳ್ಳಿ. ‘ಸಾಲಿಮ್ ಬರಲಿಲ್ಲ’ ಎಂಬುದು ಮೊದಲ ವಾಕ್ಯ. ಎರಡನೆಯದು ‘ಲೌ ಜಾಅ ಲದಫಅ’. ಮೂರನೆಯದು ‘ದಾರಿಯಲ್ಲಿದ್ದೇನೆಂದು ಕಾಗದ ಬರೆದಿದ್ದಾನೆ’. ನಾಲ್ಕನೆಯದು ‘ಇದಾ ಜಾಅ’ ಎಂದು ಶುರುವಾಗಿ, ಹಣ ತೆಗೆದುಕೊಳ್ಳುತ್ತೇವೆ ಎಂದು ಮುಗಿಯುತ್ತದೆ. ಐದನೆಯದು ‘ಇನ್ ಲಮ್ ಯಅತಿ’ ಎಂದು ಶುರುವಾಗಿ, ಖಾಜಿಯ ಬಳಿ ಹೋಗುತ್ತೇವೆ ಎಂದು ಮುಗಿಯುತ್ತದೆ. ‘ಲಮ್ ಯಅತಿ’ ಎಂದರೆ ಬರಲಿಲ್ಲ. ‘ಇನ್’ ಹಿಂದೆ ಬಂದದ್ದರಿಂದ ಬಾರದಿದ್ದರೆ.

ನಿಘಂಟು ಹಿಡಿದು ಕುಳಿತವನು ಮೂರು ಅವ್ಯಯಗಳಿಗೂ ‘ಇಫ್’ ಬರೆಯುತ್ತಾನೆ: ಸಾಲಿಮ್ ಬರಲಿಲ್ಲ, ಬಂದರೆ ಕೊಡುತ್ತಾನೆ, ದಾರಿಯಲ್ಲಿದ್ದಾನೆ, ಬಂದರೆ ಹಣ ತೆಗೆದುಕೊಳ್ಳುತ್ತೇವೆ, ಬಾರದಿದ್ದರೆ ಖಾಜಿಯ ಬಳಿ ಹೋಗುತ್ತೇವೆ. ಎರಡನೆಯ ಮತ್ತು ನಾಲ್ಕನೆಯ ವಾಕ್ಯಗಳು ಒಂದೇ ಮಾತನ್ನು ಎರಡು ಸಲ ಹೇಳಿದಂತಿವೆ. ಅನುವಾದದಲ್ಲಿ ಹೀಗೆ ಅಕಾರಣವಾಗಿ ಮಾತು ಮರುಕಳಿಸಿದರೆ ಮೂಲದ ಯಾವುದೋ ವ್ಯತ್ಯಾಸ ಅಳಿಸಿಹೋಗಿದೆ ಎಂದು ಶಂಕಿಸಬೇಕು.

ಎರಡನೆಯ ವಾಕ್ಯವನ್ನು ಮತ್ತೆ ನೋಡೋಣ. ‘ಲೌ’ ಇದೆ, ಕಾಲವಾಚಕ ಪದವಿಲ್ಲ. ಆದರೆ ಹಿಂದಿನ ವಾಕ್ಯ ‘ಬರಲಿಲ್ಲ’ ಎಂದಿದೆ. ಹಾಗಾಗಿ ಮಾತು ಕಳೆದುಹೋದ ಅವಕಾಶದ್ದು. ‘ಹ್ಯಾಡ್ ಹಿ ಕಮ್, ಹಿ ವುಡ್ ಹ್ಯಾವ್ ಪೇಯ್ಡ್.’ ಕನ್ನಡದಲ್ಲಿ ‘ಬಂದಿದ್ದರೆ ಕೊಡುತ್ತಿದ್ದ’. ಗುಮಾಸ್ತ ಇಲ್ಲಿ ಸಾಲಿಮನ ಪ್ರಾಮಾಣಿಕತೆಗೆ ಸಾಕ್ಷಿ ಹೇಳುತ್ತಿದ್ದಾನೆ.

ನಾಲ್ಕನೆಯದರ ‘ಇದಾ’ ನಿರೀಕ್ಷೆಯನ್ನು ತೋರಿಸುತ್ತದೆ, ಹಿಂದಿನ ವಾಕ್ಯ ಅದಕ್ಕೆ ಕಾರಣವನ್ನೂ ಕೊಟ್ಟಿದೆ. ‘ವೆನ್ ಹಿ ಕಮ್ಸ್’ ಎಂದು ಬರೆಯೋಣವೆಂದರೆ ಐದನೆಯ ವಾಕ್ಯ ಅಡ್ಡ ಬರುತ್ತದೆ. ಬಂದೇ ಬರುತ್ತಾನೆ ಎಂದ ಮೇಲೆ ಬಾರದಿದ್ದರೆ ಎಂಬ ಮಾತು ಇಂಗ್ಲಿಷಿನಲ್ಲಿ ಎಡವುತ್ತದೆ. ಇಂಥ ಕಡೆ ಅನುಭವಿ ಅನುವಾದಕ ಎರಡನ್ನೂ ಒಟ್ಟಿಗೆ ತೂಗುತ್ತಾನೆ. ನಾಲ್ಕನೆಯದಕ್ಕೆ ‘ಇಫ್ ಹಿ ಕಮ್ಸ್’ ಎಂದು ಸರಳವಾಗಿ ಬರೆದು, ಐದನೆಯದನ್ನು ‘ಶುಡ್ ಹಿ ಫೇಲ್ ಟು ಕಮ್’ ಎಂದು ಒಂದು ಮೆಟ್ಟಿಲು ಕೆಳಗಿಳಿಸುತ್ತಾನೆ. ಇಂಗ್ಲಿಷಿನ ಈ ‘ಶುಡ್’ ಹೀಗಾಗುವ ಸಂಭವ ಕಡಿಮೆ, ಆದರೂ ಹೇಳಿಡುತ್ತೇನೆ ಎಂಬ ಧ್ವನಿಯನ್ನು ತರುತ್ತದೆ. ಅರಬ್ಬಿಯಲ್ಲಿ ‘ಇದಾ’ ಮೇಲೆ, ‘ಇನ್’ ಕೆಳಗೆ ಇದ್ದವು. ಇಂಗ್ಲಿಷಿನಲ್ಲಿ ‘ಇಫ್’ ಮೇಲೆ, ‘ಶುಡ್’ ಕೆಳಗೆ ಇವೆ. ಪದಗಳು ಹೊಂದಲಿಲ್ಲ, ಎರಡರ ನಡುವಿನ ಅಂತರ ಉಳಿಯಿತು. ಕನ್ನಡದಲ್ಲಿ ಇದು ಸಲೀಸು: ‘ಬಂದರೆ ಹಣ ತೆಗೆದುಕೊಳ್ಳುತ್ತೇವೆ. ಒಂದು ವೇಳೆ ಬಾರದಿದ್ದರೆ ಖಾಜಿಯ ಬಳಿ ಹೋಗುತ್ತೇವೆ.’

ಮಾತಿನ ಅರಬ್ಬಿಯಲ್ಲಿ

ಈವರೆಗೆ ಹೇಳಿದ್ದು ಬರಹದ ಅರಬ್ಬಿಗೆ ಸಂಬಂಧಿಸಿದ್ದು. ಆಡುಮಾತಿನಲ್ಲಿ ಅವ್ಯಯಗಳು ತಮ್ಮ ಜಾಗ ಬದಲಿಸಿವೆ. ಈಜಿಪ್ಟಿನ ಮಾತಿನಲ್ಲಿ ‘ಲೌ’ ಸಾಧಾರಣ ‘ಇಫ್’ ಆಗಿಯೂ ಬಳಕೆಯಲ್ಲಿದೆ. ಕೈರೋದವರು ‘ನಾಳೆ ಬಂದರೆ’ ಎನ್ನಲು ‘ಲೌ’ ಎಂದರೆ ಬರುವುದು ಅಸಂಭವ ಎಂದು ತಿಳಿಯಬಾರದು. ಕಾದಂಬರಿಯ ಸಂಭಾಷಣೆಯೋ ಸಿನಿಮಾದ ಮಾತೋ ಆಗಿದ್ದರೆ ಆಡುವವರು ಎಲ್ಲಿಯವರು ಎಂಬುದನ್ನೂ ಅನುವಾದಕ ಗಮನಿಸಬೇಕು.

‘ಲೌ ಸಮಹ್ತ್’ ಎಂಬ ಮಾತು ಈಜಿಪ್ಟಿನ ಆಚೆಗೂ ದಿನಬಳಕೆಯಲ್ಲಿದೆ. ಪದಶಃ ಅದು ‘ನೀವು ಅನುಮತಿಸಿದರೆ’ ಎಂಬುದು, ಬಳಕೆಯಲ್ಲಿ ‘ದಯವಿಟ್ಟು’. ಕೇಳುವವನು ಅನುಮತಿಯನ್ನು ಖಂಡಿತವೆಂದು ಎಣಿಸದೆ, ದೂರದ ಸಂಭವವೆಂಬಂತೆ ಇಟ್ಟು ಮಾತಾಡುತ್ತಾನೆ. ಸಂಭವವನ್ನು ತಗ್ಗಿಸುವ ಅವ್ಯಯ ಇಲ್ಲಿ ವಿನಯದ ಅವ್ಯಯವಾಗಿದೆ. ಇಂಗ್ಲಿಷ್ ಸಹ ‘ವಿಲ್’ ಬಿಟ್ಟು ‘ವುಡ್’ ಎಂದಾಗ ಇದೇ ಕೆಲಸವನ್ನು ಮಾಡುತ್ತದೆ, ಎಂದಿನಂತೆ ಕ್ರಿಯಾಪದದ ಬದಿಯಲ್ಲಿ.

ಅನುವಾದ ಮುಗಿದ ಮೇಲೆ ಅದು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಎರಡು ಪ್ರಶ್ನೆಗಳು ಸಾಕು. ಸಾಲಿಮ್ ಬಂದನೇ? ಇನ್ನು ಮುಂದೆ ಬಂದಾನೇ? ಅರಬ್ಬಿಯ ಮೂಲವನ್ನು ಓದಿದವನಿಗೆ ಒಮ್ಮೆ, ಇಂಗ್ಲಿಷನ್ನು ಮಾತ್ರ ಓದಿದವನಿಗೆ ಒಮ್ಮೆ ಇವನ್ನು ಕೇಳಬೇಕು. ‘ಬಂದಿಲ್ಲ, ಬರಬಹುದು’, ‘ಬಂದಿಲ್ಲ, ಬರುತ್ತಾನೆ’, ‘ಬರಲಿಲ್ಲ, ಇನ್ನು ಬಂದು ಪ್ರಯೋಜನವಿಲ್ಲ’, ಹೀಗೆ ಇಬ್ಬರ ಉತ್ತರವೂ ಒಂದೇ ಆದರೆ ಅವ್ಯಯ ಎಲ್ಲಿ ಹೋಯಿತು, ಕ್ರಿಯಾಪದ ಏನಾಯಿತು ಎಂದು ವಿಚಾರಿಸಬೇಕಾಗಿಲ್ಲ. ಉತ್ತರ ಬೇರೆಯಾದರೆ, ಪ್ರತಿ ಪದವೂ ನಿಘಂಟಿನಲ್ಲಿರುವಂತೆಯೇ ಇದ್ದರೂ, ಆ ವಾಕ್ಯವನ್ನು ತಿದ್ದಬೇಕು.